ಟೈಟ್ರೇಷನ್ ರೆಕಾರ್ಡ್: ‘ಹ್ಯೂಮನ್ ಎರರ್’ ಬಿಟ್ಟು ಚರ್ಚೆ ಬರೆಯುವುದು ಹೇಗೆ?

ವಿಜಯಪುರದ ಒಂದು ಪಿಯು ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಕಲಿಸುತ್ತೇನೆ. ರೆಕಾರ್ಡ್ ತಿದ್ದಲು ಕೂತಾಗ ಟೈಟ್ರೇಷನ್ ಪುಟದ ಕೊನೆಯಲ್ಲಿ ಪ್ರತಿ ವರ್ಷ ಅವೇ ಸಾಲುಗಳು ಸಿಗುತ್ತವೆ. ‘ಹ್ಯೂಮನ್ ಎರರ್ ಆಗಿರಬಹುದು. ಪ್ಯಾರಲ್ಯಾಕ್ಸ್ ಎರರ್ ಆಗಿರಬಹುದು. ಮುಂದಿನ ಸಲ ಎಚ್ಚರಿಕೆಯಿಂದ ಮಾಡಬೇಕು.’ ಇದನ್ನು ಯಾರ ರೆಕಾರ್ಡಿಗೆ ಅಂಟಿಸಿದರೂ ನಡೆಯುತ್ತದೆ. ಬರೆದವರ ರೀಡಿಂಗ್ ಏನಾಗಿತ್ತು ಅನ್ನುವುದು ಅದರಲ್ಲಿ ಎಲ್ಲೂ ಇಲ್ಲ.

ಚರ್ಚೆ ಶುರುವಾಗಬೇಕಾದದ್ದೇ ಆ ರೀಡಿಂಗ್‌ನಿಂದ. ಯಾವ ತಪ್ಪಿನ ಹೆಸರು ಬರೆದರೂ ಅದು ಉತ್ತರವನ್ನು ಯಾವ ಕಡೆಗೆ ತಳ್ಳುತ್ತದೆ, ಎಷ್ಟು ತಳ್ಳುತ್ತದೆ ಎಂದು ಹೇಳಬೇಕು. ಹಾಗೆ ಹೇಳಲು ಆಗದಿದ್ದರೆ ಆ ತಪ್ಪನ್ನು ಬರೆಯದಿರುವುದೇ ಒಳ್ಳೆಯದು. ನನ್ನ ಬ್ಯಾಚಿನ ಒಬ್ಬ ಹುಡುಗನ ರೆಕಾರ್ಡನ್ನೇ ಇಟ್ಟುಕೊಂಡು ಇದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಮೊದಲು ಅಂತರವನ್ನು ಬರೆಯಿರಿ

ಪ್ರಯೋಗ ನಿಮಗೆಲ್ಲ ಗೊತ್ತಿರುವುದೇ. ಕೋನಿಕಲ್ ಫ್ಲಾಸ್ಕಿಗೆ ಪಿಪೆಟ್‌ನಿಂದ 0.05 ಮೋಲಾರ್ ಆಕ್ಸಾಲಿಕ್ ಆಸಿಡ್ 10 ಮಿ.ಲೀ. ಹಾಕಬೇಕು. ಎರಡು ಹನಿ ಫಿನಾಲ್ಫ್ತಲೀನ್ ಬಿಟ್ಟು, ಬ್ಯೂರೆಟ್‌ನಿಂದ ಸೋಡಿಯಂ ಹೈಡ್ರಾಕ್ಸೈಡ್ ಇಳಿಸಬೇಕು. ತಿಳಿ ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ಅದೇ ಎಂಡ್ ಪಾಯಿಂಟ್.

H₂C₂O₄ + 2NaOH → Na₂C₂O₄ + 2H₂O

ಒಂದು ಆಸಿಡ್‌ಗೆ ಎರಡು ಬೇಸ್ ಬೇಕು. ಹಾಗಾಗಿ ಸೋಡಿಯಂ ಹೈಡ್ರಾಕ್ಸೈಡ್ ಸರಿಯಾಗಿ 0.1 ಮೋಲಾರ್ ಇದ್ದರೆ 10.0 ಮಿ.ಲೀ. ಇಳಿಯಬೇಕು. ಅವತ್ತು ಬೆಳಿಗ್ಗೆ ನಾನೇ ಮಾಡಿ ನೋಡಿದ್ದೆ, 10.0 ಬಂದಿತ್ತು.

ಈ ಹುಡುಗನಿಗೆ ಮೊದಲ ಸಲ 10.7 ಬಂತು. ಆಮೇಲೆ 10.4, ಮತ್ತೆ 10.4. ಅವನ ಲೆಕ್ಕದಲ್ಲಿ ಸೋಡಿಯಂ ಹೈಡ್ರಾಕ್ಸೈಡ್ 0.096 ಮೋಲಾರ್ ಆಯಿತು. ಅಂದರೆ ಶೇ 4ರಷ್ಟು ಕಡಿಮೆ.

ಚರ್ಚೆಯ ಮೊದಲ ಸಾಲು ಇಷ್ಟೇ ಇರಲಿ: ‘ನಿರೀಕ್ಷೆಗಿಂತ 0.4 ಮಿ.ಲೀ. ಜಾಸ್ತಿ ಬೇಸ್ ಇಳಿದಿದೆ. ಅದರಿಂದ ಮೋಲಾರಿಟಿ ಶೇ 4 ಕಡಿಮೆ ಬಂದಿದೆ.’ ಈ ಒಂದು ಸಾಲು ಬರೆದರೆ ಹುಡುಕಾಟಕ್ಕೆ ದಿಕ್ಕು ಸಿಗುತ್ತದೆ. ಬೇಸ್ ಜಾಸ್ತಿ ಇಳಿಯುವಂತೆ ಮಾಡುವ ತಪ್ಪುಗಳನ್ನು ಮಾತ್ರ ಈಗ ನೋಡಿದರೆ ಸಾಕು. ಪಿಪೆಟ್ ಗೆರೆಗಿಂತ ಕೆಳಗೆ ತುಂಬಿದ್ದರೆ ಬೇಸ್ ಕಡಿಮೆ ಇಳಿಯುತ್ತಿತ್ತು. ಹಾಗಾಗಿ ಆ ಮಾತನ್ನು ಇಲ್ಲಿ ಎತ್ತುವುದೇ ಬೇಡ.

ಚಿಕ್ಕ ತಪ್ಪುಗಳನ್ನು ಅಳೆದು ಬದಿಗಿಡಿ

ಎಲ್ಲರಿಗೂ ಮೊದಲು ನೆನಪಾಗುವುದು ‘ಎಂಡ್ ಪಾಯಿಂಟ್ ದಾಟಿತು’ ಅನ್ನುವುದು. ಬ್ಯೂರೆಟ್‌ನ ಒಂದು ಹನಿ ಸುಮಾರು 0.05 ಮಿ.ಲೀ. ಇರುತ್ತದೆ. 0.4 ಮಿ.ಲೀ. ಅಂದರೆ ಎಂಟು ಹನಿ. ಎಂಟು ಹನಿ ದಾಟಿದ್ದರೆ ಫ್ಲಾಸ್ಕಿನ ಬಣ್ಣ ತಿಳಿ ಗುಲಾಬಿಯಾಗಿ ಉಳಿಯುವುದಿಲ್ಲ, ಗಾಢವಾಗುತ್ತದೆ. ಹುಡುಗನ ಫ್ಲಾಸ್ಕನ್ನು ಬಿಳಿ ಟೈಲ್ಸ್ ಮೇಲಿಟ್ಟು ನೋಡಿದೆ. ಬಣ್ಣ ತಿಳಿಯಾಗಿಯೇ ಇತ್ತು. ಒಂದೆರಡು ಹನಿ ದಾಟಿರಬಹುದು ಅಷ್ಟೇ.

ಓದುವ ತಪ್ಪನ್ನೂ ಹೀಗೇ ಅಳೆಯಬಹುದು. ನಮ್ಮ ಬ್ಯೂರೆಟ್‌ನಲ್ಲಿ 0.1 ಮಿ.ಲೀ.ಗೆ ಒಂದು ಗೆರೆ. ಕಣ್ಣನ್ನು ಮಟ್ಟಕ್ಕೆ ಇಟ್ಟು ಓದಿದರೂ 0.05ರಷ್ಟು ಹಿಂದೆ ಮುಂದೆ ಆಗುತ್ತದೆ. ಶುರುವಿಗೆ ಒಮ್ಮೆ, ಕೊನೆಗೆ ಒಮ್ಮೆ ಓದುತ್ತೀರಿ. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ತಪ್ಪಿ ಎರಡೂ ಕೂಡಿಕೊಂಡರೂ 0.1 ದಾಟುವುದಿಲ್ಲ. ಇನ್ನೂ 0.3ಕ್ಕೆ ಕಾರಣ ಬೇಕು, ಅಲ್ವಾ?

ಗಾಳಿಗುಳ್ಳೆಯದು ಸ್ವಲ್ಪ ಬೇರೆ ಕಥೆ. ಬ್ಯೂರೆಟ್ ತಿರುಪಿನ ಕೆಳಗಿನ ಮೂತಿಯಲ್ಲಿ ಗುಳ್ಳೆ ನಿಂತಿದ್ದರೆ, ಅದು ಹೊರಬಿದ್ದಾಗ ಆ ಜಾಗವನ್ನು ಬೇಸ್ ತುಂಬಿಕೊಳ್ಳುತ್ತದೆ. ಫ್ಲಾಸ್ಕಿಗೆ ಬೀಳದ ಬೇಸ್ ರೀಡಿಂಗ್‌ನಲ್ಲಿ ಸೇರುತ್ತದೆ. ಆದರೆ ಇದು ಒಂದೇ ಸಲ ಆಗುವಂಥದ್ದು. ಮೊದಲ 10.7ಕ್ಕೆ ಇದು ಕಾರಣ ಇರಬಹುದು. ಆಮೇಲಿನ ಎರಡು 10.4ಕ್ಕೆ ಆಗಲಾರದು. ಒಂದೇ ರೀಡಿಂಗ್ ಮತ್ತೆ ಬಂದಿದೆ ಅಂದರೆ ತಪ್ಪೂ ಪ್ರತಿ ಸಲ ಅಷ್ಟೇ ಆಗುತ್ತಿದೆ ಎಂದರ್ಥ. ‘ನನ್ನ ಎರಡು ರೀಡಿಂಗ್ ಕೂಡಿವೆ, ಹಾಗಾಗಿ ಉತ್ತರ ಸರಿ’ ಎಂದು ಬಹಳ ಮಂದಿ ಬರೆಯುತ್ತಾರೆ. ರೀಡಿಂಗ್ ಕೂಡಿದರೆ ನಿಮ್ಮ ಕೈ ಒಂದೇ ಹದದಲ್ಲಿದೆ ಅಂತ ಗೊತ್ತಾಗುತ್ತದೆ. ಉತ್ತರ ಸರಿ ಅಂತ ಅದರಿಂದ ಗೊತ್ತಾಗುವುದಿಲ್ಲ.

ಬಾಟಲಿಯೋ, ಫ್ಲಾಸ್ಕೋ?

ಪ್ರತಿ ಸಲ ಆಗುವ ತಪ್ಪಿಗೆ ದೊಡ್ಡ ಅನುಮಾನ ಸೋಡಿಯಂ ಹೈಡ್ರಾಕ್ಸೈಡ್ ಬಾಟಲಿಯ ಮೇಲೆ ಬರುತ್ತದೆ. ಮುಚ್ಚಳ ತೆರೆದಿಟ್ಟರೆ ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗುತ್ತದೆ. ಫಿನಾಲ್ಫ್ತಲೀನ್ ಇಟ್ಟು ಟೈಟ್ರೇಷನ್ ಮಾಡುವಾಗ ಹೀಗೆ ಹೋದ ಬೇಸಿನಲ್ಲಿ ಅರ್ಧ ಮಾತ್ರ ಲೆಕ್ಕಕ್ಕೆ ಸಿಗುತ್ತದೆ, ಏಕೆಂದರೆ ಕಾರ್ಬೊನೇಟ್ ಬೈಕಾರ್ಬೊನೇಟ್ ಆಗುವ ಹೊತ್ತಿಗೇ ಬಣ್ಣದ ಹಂತ ಬಂದುಬಿಡುತ್ತದೆ. ಶೇ 4 ನಷ್ಟ ಕಾಣಬೇಕಾದರೆ ಶೇ 8ರಷ್ಟು ಬೇಸ್ ಗಾಳಿಗೆ ಸಿಕ್ಕು ಹಾಳಾಗಿರಬೇಕು. ವಾರಗಟ್ಟಲೆ ತೆರೆದಿಟ್ಟ ಬಾಟಲಿಯಾದರೆ ನಂಬಬಹುದು. ಬೆಳಿಗ್ಗೆ ನೋಡಿ, ಮಧ್ಯಾಹ್ನ ಬಳಸಿದ್ದಕ್ಕೆ ಇದು ಹೊಂದುವುದಿಲ್ಲ.

ಇದನ್ನು ತೀರ್ಮಾನಿಸಲು ಇನ್ನೂ ಸುಲಭದ ದಾರಿ ಪಕ್ಕದ ಟೇಬಲ್‌ನಲ್ಲೇ ಇದೆ. ಅದೇ ಬಾಟಲಿಯಿಂದ ಬ್ಯೂರೆಟ್ ತುಂಬಿಕೊಂಡವರನ್ನು ಕೇಳಿ. ಎಲ್ಲರಿಗೂ 10.4 ಬಂದಿದ್ದರೆ ಅನುಮಾನ ಎಲ್ಲರೂ ಹಂಚಿಕೊಂಡ ದ್ರಾವಣಗಳ ಮೇಲೆ. ನಮ್ಮ ಬ್ಯಾಚಿನಲ್ಲಿ ಉಳಿದವರಿಗೆ 10.0, 10.1 ಬಂದಿತ್ತು. ತಪ್ಪು ಈ ಹುಡುಗನ ಟೇಬಲ್ ಮೇಲೆಯೇ ಇದೆ ಎಂದಾಯಿತು. ಪಕ್ಕದವರ ರೀಡಿಂಗ್ ನೋಡಿ ನಿಮ್ಮದನ್ನು ತಿದ್ದಬೇಡಿ, ಅದು ಮೋಸ. ಹೋಲಿಸಿ ಚರ್ಚೆಯಲ್ಲಿ ಬರೆದರೆ ಅದು ಸಾಕ್ಷಿ.

ನಾನು ಕೇಳಿದೆ, “ಫ್ಲಾಸ್ಕ್ ಯಾವುದರಿಂದ ತೊಳದಿ?”

“ಮೊದಲ ನೀರಿಂದ ತೊಳದು, ಆಮ್ಯಾಲ ಆಸಿಡ್ ಹಾಕಿ ತೊಳದೇನ್ರಿ ಸರ್. ಬ್ಯೂರೆಟ್‌ಗೆ ಹಂಗ ಮಾಡಂತ ನೀವ ಹೇಳಿದ್ರಲ್ರಿ!”

ಹೌದು, ಹೇಳಿದ್ದೆ. ಬ್ಯೂರೆಟ್ ಮತ್ತು ಪಿಪೆಟ್‌ಗಳನ್ನು ಅವುಗಳಲ್ಲಿ ತುಂಬುವ ದ್ರಾವಣದಿಂದಲೇ ಕೊನೆಗೆ ತೊಳೆಯಬೇಕು. ಒಳಗೆ ನೀರು ಉಳಿದರೆ ದ್ರಾವಣ ತೆಳುವಾಗುತ್ತದೆ. ಫ್ಲಾಸ್ಕಿನ ವಿಷಯ ಪೂರ್ತಿ ಉಲ್ಟಾ. ಅದರಲ್ಲಿ ಎಷ್ಟು ಆಸಿಡ್ ಇರಬೇಕು ಎಂದು ಪಿಪೆಟ್ ಆಗಲೇ ಅಳೆದು ಕೊಟ್ಟಿದೆ. ಒಳಗೆ ನೀರಿದ್ದರೆ ಆಸಿಡ್‌ನ ಪ್ರಮಾಣ ಬದಲಾಗದು. ಆದರೆ ಗೋಡೆಗೆ ಅಂಟಿ ಉಳಿದ ಆಸಿಡ್ ಅಳತೆಗೆ ಸಿಗದ ಹೆಚ್ಚುವರಿ ಆಸಿಡ್. ಹುಡುಗ ಒಂದು ನಿಯಮವನ್ನು ಚೆನ್ನಾಗಿ ಕಲಿತು, ಅದು ಸಲ್ಲದ ಪಾತ್ರೆಗೂ ಹಚ್ಚಿದ್ದ.

ಒಂದು ಪರೀಕ್ಷೆ ಮಾಡಿ ನೋಡಿ

ಅನುಮಾನವನ್ನು ಸುಮ್ನೆ ಬರೆಯುವುದಕ್ಕಿಂತ ಐದು ನಿಮಿಷ ಕೊಟ್ಟು ನೋಡುವುದು ಮೇಲು. ಅವನ ಕೈಯಲ್ಲೇ ಮತ್ತೆ ಮಾಡಿಸಿದೆ. ಫ್ಲಾಸ್ಕನ್ನು ಆಸಿಡ್‌ನಿಂದ ತೊಳೆದು, ಬೋರಲು ಹಿಡಿದು ಬಸಿದ. ಕಣ್ಣಿಗೆ ಖಾಲಿ ಫ್ಲಾಸ್ಕೇ. ಅದಕ್ಕೆ ಪಿಪೆಟ್ ಮುಟ್ಟಿಸದೆ ಬರೀ ಡಿಸ್ಟಿಲ್ಡ್ ವಾಟರ್ ಹಾಕಿ, ಎರಡು ಹನಿ ಫಿನಾಲ್ಫ್ತಲೀನ್ ಬಿಟ್ಟು, ಬ್ಯೂರೆಟ್ ಕೆಳಗೆ ಹಿಡಿದ. ಒಂದೊಂದೇ ಹನಿ ಎಣಿಸಿದೆವು. ಪ್ರತಿ ಹನಿ ಬಿದ್ದಲ್ಲಿ ಗುಲಾಬಿ ಚುಕ್ಕೆ ಮೂಡಿ, ಅಲುಗಾಡಿಸಿದ ಕೂಡಲೇ ಮಾಯ. ಬಣ್ಣ ನಿಂತದ್ದು ಎಂಟನೇ ಹನಿಗೆ.

ಅದೇ ಫ್ಲಾಸ್ಕನ್ನು ಡಿಸ್ಟಿಲ್ಡ್ ವಾಟರ್‌ನಿಂದ ಚೆನ್ನಾಗಿ ತೊಳೆದು ಮತ್ತೆ ಮಾಡಿದಾಗ ಮೊದಲ ಹನಿಗೇ ಬಣ್ಣ ಬಂತು. ಆಮೇಲೆ ಎಂದಿನಂತೆ 10 ಮಿ.ಲೀ. ಆಸಿಡ್ ಹಾಕಿ ಮಾಡಿದ ಟೈಟ್ರೇಷನ್‌ನ ರೀಡಿಂಗ್ 10.0. ಲೆಕ್ಕವೂ ಕೂಡುತ್ತದೆ. ಗೋಡೆಗೆ 0.4 ಮಿ.ಲೀ. ಆಸಿಡ್ ಅಂಟಿದ್ದರೆ ಅದಕ್ಕೆ ಬೇಕಾಗುವ ಬೇಸ್ ಕೂಡ 0.4 ಮಿ.ಲೀ., ಏಕೆಂದರೆ ಇಲ್ಲಿ ಎರಡೂ ದ್ರಾವಣ ಸಮಕ್ಕೆ ಸಮ ಇಳಿಯುತ್ತವೆ.

ನಮ್ಮ ಕಡೆಯವರಿಗೆ ಒಂದು ಮಾತು ಸೇರಿಸಬೇಕು. ಫ್ಲಾಸ್ಕ್ ಒದ್ದೆ ಇದ್ದರೆ ನಡೆಯುತ್ತದೆ ಅಂದೆನಲ್ಲ, ಅದು ಡಿಸ್ಟಿಲ್ಡ್ ವಾಟರ್‌ಗೆ ಮಾತ್ರ. ಬೋರ್‌ವೆಲ್‌ನ ಸವಳು ನೀರಿನಲ್ಲಿ ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಎರಡೂ ಇರುತ್ತವೆ. ಬೈಕಾರ್ಬೊನೇಟ್ ಸ್ವಲ್ಪ ಆಸಿಡ್ ತಿನ್ನುತ್ತದೆ. ಹುಟ್ಟಿದ ಅನಿಲ ಹಾರಿಹೋದಷ್ಟೂ ಬೇಸ್ ಕಡಿಮೆ ಇಳಿಯುತ್ತದೆ. ಕ್ಯಾಲ್ಸಿಯಂ ಆಕ್ಸಾಲಿಕ್ ಆಸಿಡ್ ಜೊತೆ ಸೇರಿ ಬಿಳಿ ಮಬ್ಬು ಕಟ್ಟುತ್ತದೆ. ಎಂಡ್ ಪಾಯಿಂಟ್ ಹತ್ತಿರ ಬಂದಾಗ ಫ್ಲಾಸ್ಕ್ ಮಬ್ಬಾಗಿ ಕಂಡರೆ ನಳದ ನೀರು ಸೇರಿದೆಯೇ ಎಂದು ಮೊದಲು ಕೇಳಿಕೊಳ್ಳಿ.

ಸುಧಾರಣೆ ಬರೆಯುವಾಗ

ಯಾವ ತಪ್ಪು ಎಷ್ಟು ದೊಡ್ಡದು ಎಂದು ಗೊತ್ತಾದ ಮೇಲೆ ಸುಧಾರಣೆ ತಾನಾಗಿಯೇ ಸಿಗುತ್ತದೆ. ಹುಡುಗ ಕೊನೆಗೆ ಬರೆದದ್ದು ಹೀಗಿತ್ತು:

‘ಎರಡು ಕೂಡಿದ ರೀಡಿಂಗ್‌ಗಳು 10.4 ಮಿ.ಲೀ. ಇದು ನಿರೀಕ್ಷೆಗಿಂತ 0.4 ಮಿ.ಲೀ. ಜಾಸ್ತಿ. ಓದುವ ತಪ್ಪು 0.1 ದಾಟದು. ಅದೇ ಬಾಟಲಿಯಿಂದ ಉಳಿದವರಿಗೆ 10.0–10.1 ಬಂದಿದೆ. ಫ್ಲಾಸ್ಕನ್ನು ಆಸಿಡ್‌ನಿಂದ ತೊಳೆದದ್ದು ಕಾರಣ. ಹಾಗೆ ತೊಳೆದ ಖಾಲಿ ಫ್ಲಾಸ್ಕೇ ಎಂಟು ಹನಿ ಬೇಸ್ ತೆಗೆದುಕೊಂಡಿತು. ಡಿಸ್ಟಿಲ್ಡ್ ವಾಟರ್‌ನಿಂದ ತೊಳೆದಾಗ ರೀಡಿಂಗ್ 10.0ಕ್ಕೆ ಬಂತು. ಮುಂದೆ ಫ್ಲಾಸ್ಕನ್ನು ಡಿಸ್ಟಿಲ್ಡ್ ವಾಟರ್‌ನಿಂದ ಮಾತ್ರ ತೊಳೆಯುವುದು.’

ನಾನು ಇದಕ್ಕೆ ಒಂದೇ ಒಂದು ಸೇರಿಸಲು ಹೇಳಿದೆ. ಫ್ಲಾಸ್ಕಿನ ತಪ್ಪು ಹೋದ ಮೇಲೂ ಓದುವ 0.1 ಮಿ.ಲೀ. ಉಳಿದೇ ಇರುತ್ತದೆ. 10 ಮಿ.ಲೀ.ಯಲ್ಲಿ ಅದು ಶೇ 1. ಪಿಪೆಟ್ ಬದಲಿಸಿ 25 ಮಿ.ಲೀ. ಆಸಿಡ್ ತೆಗೆದುಕೊಂಡರೆ 25 ಮಿ.ಲೀ. ಬೇಸ್ ಇಳಿಯುತ್ತದೆ. ಓದುವ ತಪ್ಪು ಅಷ್ಟೇ ಇದ್ದರೂ ಈಗ ಅದು ಶೇ 0.4 ಮಾತ್ರ. ‘ಎಚ್ಚರಿಕೆಯಿಂದ ಓದಬೇಕು’ ಅನ್ನುವ ಜಾಗದಲ್ಲಿ ಇದನ್ನು ಬರೆಯಿರಿ.

ಪ್ರಾಕ್ಟಿಕಲ್ ಪೀರಿಯಡ್ ಮುಗಿದು ಮತ್ತೆ ಮಾಡಿ ನೋಡಲು ಹೊತ್ತು ಸಿಗದಿದ್ದರೆ? ಆಗ ‘ಇದೇ ಕಾರಣ’ ಎಂದು ಖಚಿತವಾಗಿ ಬರೆಯಬೇಡಿ. ಯಾವ ಪರೀಕ್ಷೆ ಮಾಡಿದರೆ ತಿಳಿಯುತ್ತದೆ, ಏನು ಬಂದರೆ ಏನು ಅರ್ಥ ಎಂದು ಬರೆಯಿರಿ. ‘ಫ್ಲಾಸ್ಕನ್ನು ಡಿಸ್ಟಿಲ್ಡ್ ವಾಟರ್‌ನಿಂದ ತೊಳೆದು ಮಾಡಿದಾಗ 10.0 ಬಂದರೆ ತಪ್ಪು ಫ್ಲಾಸ್ಕಿನದು. ಆಗಲೂ 10.4 ಬಂದರೆ ನನ್ನ ಬ್ಯೂರೆಟ್‌ನಲ್ಲಿ ನೀರು ಉಳಿದು ಬೇಸ್ ತೆಳುವಾಗಿದೆಯೇ ಎಂದು ನೋಡಬೇಕು. ಅದಕ್ಕೆ ಬ್ಯೂರೆಟ್ ಖಾಲಿ ಮಾಡಿ, ಎರಡು ಸಲ ಬೇಸ್‌ನಿಂದ ತೊಳೆದು, ಹೊಸದಾಗಿ ತುಂಬಿ ಮಾಡುವುದು.’ ಇಷ್ಟು ಬರೆದ ರೆಕಾರ್ಡಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ, ಉತ್ತರ 0.096 ಎಂದೇ ಇದ್ದರೂ.