ಕೈಸರ ಗುರುತಿಸಬೇಕೆಂದರೆ ಬೆಸುಗೆ ನೋಡಬೇಕು

ಗದಗಿನಲ್ಲಿ ಪತ್ತಾರಕಿ ಮಾಡುವ ನನಗೆ, ಕೈಯಲ್ಲೇ ಮಾಡಿದ ಕೈಸರವನ್ನೂ ಮಷೀನ್ ಸರವನ್ನೂ ಪಕ್ಕಪಕ್ಕ ಇಟ್ಟಾಗ ಗಿರಾಕಿಗಳು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: "ಎರಡೂ 916 ಅಂತೀರಿ, ತೂಕಾನೂ ಅಷ್ಟ ಐತಿ, ಮತ್ತ ಕೈಸರಕ್ಕ ಮಜೂರಿ ಯಾಕ್ರೀ ಜಾಸ್ತಿ?" ಬಂಗಾರದಲ್ಲಿ ಫರಕಿಲ್ಲ. ಇರುವ ಫರಕೆಲ್ಲ ಕೊಂಡಿಯ ಬೆಸುಗೆಯಲ್ಲಿ.

ಇಪ್ಪತ್ತು ಇಂಚಿನ ಸಾದಾ ಕೊಂಡಿಸರವನ್ನೇ ತೆಗೆದುಕೊಳ್ಳಿ. ಒಂದು ಮಿಲಿಮೀಟರ್ ತಂತಿ, ಕೊಂಡಿಯ ಒಳ ಉದ್ದ ಐದು ಮಿಲಿಮೀಟರ್ ಎಂದರೆ ಸುಮಾರು 100 ಕೊಂಡಿ ಬೇಕು, ತೂಕ 21 ಗ್ರಾಂ ಆಸುಪಾಸು. ಮೊದಲು ಬಂಗಾರವನ್ನು ತೂತಿನ ಪಟ್ಟಿಯಲ್ಲಿ ಎಳೆದೆಳೆದು ತಂತಿ ಮಾಡುತ್ತೇನೆ. ಎಳೆದಷ್ಟೂ ಅದು ಬಿರುಸಾಗುತ್ತದೆ, ನಡುನಡುವೆ ಕಾಯಿಸಿ ಮೆತ್ತಗೆ ಮಾಡದಿದ್ದರೆ ತುಂಡಾಗುತ್ತದೆ. ಆ ತಂತಿಯನ್ನು ಸರಳಿಗೆ ಸುತ್ತಿ ಗರಗಸದಿಂದ ಒಂದೊಂದೇ ಕೊಂಡಿ ಕೊಯ್ಯಬೇಕು. ಗರಗಸದ ಅಲಗು 0.3 ಮಿಲಿಮೀಟರ್ ದಪ್ಪವಿದ್ದರೂ ನೂರು ಕೊಯ್ತಕ್ಕೆ 400 ಮಿಲಿಗ್ರಾಂನಷ್ಟು ಪುಡಿ ಉದುರುತ್ತದೆ. ಬಹಳಷ್ಟನ್ನು ಬಳಿದುಕೊಳ್ಳಬಹುದು, ಎಲ್ಲವನ್ನೂ ಅಲ್ಲ.

ಆಮೇಲೆ ಅರ್ಧ ಕೊಂಡಿಗಳನ್ನು ಬಿಡಿಬಿಡಿಯಾಗಿ ಬೆಸೆದಿಟ್ಟು, ಉಳಿದ ಅರ್ಧದಿಂದ ಅವನ್ನು ಜೋಡಿಸುತ್ತೇನೆ. ಕಷ್ಟ ಇರುವುದು ಈ ಎರಡನೇ ಅರ್ಧದಲ್ಲಿ. ಬಿಳಿಗಾರ ಹಚ್ಚಿ, ಬೆಸುಗೆಯ ಚೂರಿಟ್ಟು ಉರಿ ಊದುವಾಗ ಪಕ್ಕದ ಕೊಂಡಿಯ ಬೆಸುಗೆಯೂ ಕರಗಿ ಎರಡೂ ಅಂಟಿಕೊಂಡರೆ ಸರ ಅಲ್ಲಿ ಬಾಗುವುದಿಲ್ಲ. ಹೀಗೆ ಐವತ್ತು ಸಲ ಉರಿಯನ್ನು ಹದದಲ್ಲಿ ಹಿಡಿಯಬೇಕು. ನಾನು ಕೇಳುವ ಮಜೂರಿ ಇದಕ್ಕೆ. ಮಷೀನು ಕೊಂಡಿ ಬಗ್ಗಿಸಿ ಹೆಣೆಯುತ್ತ ಹೋಗುತ್ತದೆ. ಬೆಸುಗೆ ತಂತಿಯ ಹೊಟ್ಟೆಯಲ್ಲೇ ಇರಬಹುದು, ಪುಡಿಯಾಗಿ ಹಚ್ಚಿರಬಹುದು. ಇಡೀ ಸರ ಕುಲುಮೆಯೊಳಗೆ ಹಾದು ಬಂದರೆ ಎಲ್ಲ ಕೊಂಡಿಗಳೂ ಒಟ್ಟಿಗೇ ಕೂಡಿಕೊಳ್ಳುತ್ತವೆ.

ಹಾಗಾಗಿ ಗುರುತಿಸುವಾಗ ಭೂತಗನ್ನಡಿ ಹಿಡಿದು ಹತ್ತಾರು ಕೊಂಡಿಗಳ ಬೆಸುಗೆ ನೋಡಿ. ಮಷೀನ್ ಸರದಲ್ಲಿ ಅದು ಪ್ರತಿ ಕೊಂಡಿಯಲ್ಲೂ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಇರುತ್ತದೆ. ಕೈಸರದಲ್ಲಿ ಒಂದು ಕಡೆ ಕೊಂಚ ಉಬ್ಬು, ಇನ್ನೊಂದು ಕಡೆ ಅರದಿಂದ ತೀಡಿದ ಗೆರೆ, ಜಾಗವೂ ಕೂದಲೆಳೆಯಷ್ಟು ಆಚೀಚೆ. ಕೊಕ್ಕೆಯ ಹತ್ತಿರ ಮಾತ್ರ ನೋಡಬೇಡಿ, ಮಷೀನ್ ಸರಕ್ಕೂ ಕೊಕ್ಕೆಯನ್ನು ಕೈಯಲ್ಲೇ ಬೆಸೆಯುವುದುಂಟು. ನುಣುಪು ನೋಡಿ ತೀರ್ಮಾನಿಸುವುದೂ ಸರಿಯಲ್ಲ, ಪಳಗಿದ ಕೈಯ ಕೆಲಸವೂ ಬಹಳ ಸಮನಾಗಿರುತ್ತದೆ. ಹಾಲ್‌ಮಾರ್ಕ್ ಹೇಳುವುದು ಬಂಗಾರದ ಶುದ್ಧತೆಯನ್ನು, ಕೈಯಲ್ಲಿ ಮಾಡಿದ್ದೋ ಮಷೀನಿನದೋ ಎಂಬುದನ್ನಲ್ಲ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: "ಅಕ್ಕಾರ, ನಾಳೆ ಮುರಿಸಾಕ ತಂದ್ರ ಬಂಗಾರದ ರೊಕ್ಕ ಅಷ್ಟ ಬರ್ತದ್ರಿ, ಮಜೂರಿ ತಿರುಗಿ ಬರೂದಿಲ್ಲ." ದಪ್ಪ ಕೊಂಡಿಯ ಗಟ್ಟಿ ಸರ ಬೇಕೆನ್ನುವವರಿಗೆ ಕೈಕೆಲಸ ಒಪ್ಪುತ್ತದೆ. ಎಳೆಯಂಥ ಸಣ್ಣ ಸರ ಕೇಳಿದರೆ ಮಷೀನಿನದೇ ತಗೊಳ್ಳಿ ಅನ್ನುತ್ತೇನೆ. ಅಷ್ಟು ತೆಳು ತಂತಿಗೆ ಉರಿ ಒಂದು ಕ್ಷಣ ಹೆಚ್ಚಾದರೂ ಬೆಸುಗೆಯ ಜೊತೆ ಕೊಂಡಿಯೂ ಕರಗಿ ಗುಂಡಾಗಿಬಿಡುತ್ತದೆ.