ಸಂದರ್ಶನದ ಇಂಗ್ಲಿಷ್: ಮಾತು ತಡೆಯುವುದೆಲ್ಲಿ, ಕನ್ನಡಕ್ಕೆ ಹೊರಳುವುದು ಯಾವಾಗ

ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿದ ಯುವತಿಯೊಬ್ಬರು ಖಾಸಗಿ ಬ್ಯಾಂಕ್ ಶಾಖೆಯ ಸಾಲ ವಿಭಾಗದ ಸಂದರ್ಶನಕ್ಕೆ ಸಿದ್ಧರಾಗುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಲೆಕ್ಕಶಾಸ್ತ್ರ ಅವರಿಗೆ ಚೆನ್ನಾಗಿ ಗೊತ್ತು, ಇಂಗ್ಲಿಷ್ ಪಠ್ಯವನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲರು. ಆದರೆ ಬಾಯಿ ತೆರೆದೊಡನೆ ಮಾತು ತಡೆಯುತ್ತದೆ. ಇಂಥವರು ವ್ಯಾಕರಣದ ಪುಸ್ತಕವನ್ನು ಮೊದಲ ಪುಟದಿಂದ ತಿರುವಿಹಾಕುವುದಕ್ಕಿಂತ, ಮಾತು ನಿಖರವಾಗಿ ಎಲ್ಲಿ ತಡೆಯುತ್ತದೆ ಎಂಬುದನ್ನು ಮೊದಲು ಕಂಡುಕೊಳ್ಳುವುದು ಒಳ್ಳೆಯದು.

ಅದಕ್ಕಾಗಿ ತಮ್ಮ ಓದಿನ ಬಗ್ಗೆ ಒಂದು ನಿಮಿಷ ಇಂಗ್ಲಿಷಿನಲ್ಲಿ ಮಾತನಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಬೇಕು. ವಾಕ್ಯ ಮುಗಿದ ಮೇಲೆ ಬರುವ ವಿರಾಮದಿಂದ ತೊಂದರೆಯಿಲ್ಲ, ಅದು ಯೋಚಿಸುವವರ ಲಕ್ಷಣ. ಆದರೆ ‘ಐ...’ ಎಂದೊಡನೆ ಮೌನ ಕವಿದರೆ, ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಕಟ್ಟಿ ಆಮೇಲೆ ಅನುವಾದಿಸುತ್ತಿದ್ದೇವೆ ಎಂದರ್ಥ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬೇಕು. ಕೊನೆಯಲ್ಲಿರುವುದನ್ನು ಎರಡನೆಯ ಜಾಗಕ್ಕೆ ಎಳೆದು ತರುವಷ್ಟರಲ್ಲಿ ನಾಲಿಗೆ ಕಟ್ಟಿಹೋಗುತ್ತದೆ.

ಆದ್ದರಿಂದ ಅಭ್ಯಾಸ ಮಾಡಬೇಕಾದದ್ದು ವಾಕ್ಯದ ತಲೆಯನ್ನು: ‘ಐ ಕಂಪ್ಲೀಟೆಡ್’, ‘ಐ ಲರ್ನ್ಡ್’, ‘ಐ ಹ್ಯಾಂಡಲ್ಡ್’, ‘ಮೈ ಫಾದರ್ ಗ್ರೋಸ್’. ಹೇಳಬೇಕಾದ ವಿಷಯವನ್ನು ಕನ್ನಡದಲ್ಲಿಯೇ ನಾಲ್ಕಾರು ಪದಗಳ ಟಿಪ್ಪಣಿಯಾಗಿ ಬರೆದುಕೊಳ್ಳಬಹುದು, ಪೂರ್ಣ ವಾಕ್ಯವಾಗಿ ಮಾತ್ರ ಬೇಡ. ಬರೆದರೆ ಅನುವಾದದ ಕೆಲಸ ಮತ್ತೆ ಶುರುವಾಗುತ್ತದೆ. ‘ಬಿ.ಕಾಂ., 2023, ದಾವಣಗೆರೆ’ ಎಂಬ ಟಿಪ್ಪಣಿಯನ್ನು ನೋಡಿ ‘ಐ ಕಂಪ್ಲೀಟೆಡ್ ಮೈ ಬಿ.ಕಾಂ. ಇನ್ ದಾವಣಗೆರೆ ಇನ್ 2023’ ಎಂದು ನೇರವಾಗಿ ಹೇಳಬೇಕು. ಉಚ್ಚಾರಣೆಯ ವಿಷಯದಲ್ಲಿ, ಕೊನೆಗೆ ಉಕಾರ ಸೇರಿಸಿ ‘ಬ್ಯಾಂಕು’, ‘ಲೋನು’ ಎನ್ನುವುದನ್ನು ತಿದ್ದಿಕೊಂಡರೆ ಸದ್ಯಕ್ಕೆ ಸಾಕು.

ಮುಂದಿನದು ವಿಷಯದ ಪ್ರಶ್ನೆಗಳು. ಸವಕಳಿ ಎಂದರೇನು ಎಂದು ಕೇಳಿದಾಗ ವ್ಯಾಖ್ಯೆಯನ್ನು ಬಾಯಿಪಾಠ ಒಪ್ಪಿಸುವುದಕ್ಕಿಂತ ಒಂದು ಲೆಕ್ಕವನ್ನು ಹೇಳುವುದು ಸುಲಭ: ಅಂಗಡಿಯವರು 1,00,000 ರೂಪಾಯಿಗೆ ಯಂತ್ರ ಕೊಂಡರು, ಸ್ಥಿರ ಕಂತಿನ ಪದ್ಧತಿಯಲ್ಲಿ ವರ್ಷಕ್ಕೆ ಶೇ 10ರಂತೆ 10,000 ರೂಪಾಯಿ ಕಳೆದರು, ಮೊದಲ ವರ್ಷದ ಕೊನೆಗೆ ಪುಸ್ತಕದಲ್ಲಿ 90,000 ಉಳಿಯಿತು. ಇದಕ್ಕೆ ಮೂರು ಚಿಕ್ಕ ಇಂಗ್ಲಿಷ್ ವಾಕ್ಯಗಳು ಸಾಕು, ಅಂಕಿಗಳೇ ಮಾತಿಗೆ ದಾರಿ ತೋರುತ್ತವೆ. ಆಮೇಲೆ ಗೆಳತಿಯೊಬ್ಬರನ್ನು ಎದುರಿಗೆ ಕೂರಿಸಿಕೊಂಡು, ಎರಡನೆಯ ವಾಕ್ಯದಲ್ಲಿ ಅಡ್ಡ ಪ್ರಶ್ನೆ ಹಾಕಲು ಹೇಳಬೇಕು. ಉತ್ತರಿಸಿ ಅಲ್ಲಿಂದಲೇ ಮುಂದುವರಿಯಲು ಆಗದೆ ಮೊದಲಿನಿಂದ ಶುರುಮಾಡಬೇಕಾಗಿ ಬಂದರೆ ಅದು ಇನ್ನೂ ಕಂಠಪಾಠವೇ. ‘ಮೈಸೆಲ್ಫ್’ ಎಂದು ಆರಂಭವಾಗುವ ಸಿದ್ಧ ಪರಿಚಯಗಳು ಸಂದರ್ಶನದಲ್ಲಿ ಬೀಳುವುದು ಹೆಚ್ಚಾಗಿ ಇಲ್ಲಿಯೇ. ಪ್ರಶ್ನೆ ಅರ್ಥವಾಗದಿದ್ದಾಗ ‘ಯೆಸ್ ಸರ್’ ಎಂದು ತಲೆಯಾಡಿಸುವುದಂತೂ ಅದಕ್ಕಿಂತ ಕೆಟ್ಟದ್ದು. ‘ಕುಡ್ ಯು ಪ್ಲೀಸ್ ರಿಪೀಟ್ ದಟ್?’ ಎಂದು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನು ಕನ್ನಡಕ್ಕೆ ಹೊರಳುವ ವಿಚಾರ. ಪರಿಚಯದ ಪ್ರಶ್ನೆಯಲ್ಲಿ ಹೊರಳುವುದು ಬೇಡ, ಏಕೆಂದರೆ ಅಲ್ಲಿ ಸಂದರ್ಶಕರು ವಿಷಯದ ಜೊತೆಗೆ ಇಂಗ್ಲಿಷನ್ನೂ ಅಳೆಯುತ್ತಿರುತ್ತಾರೆ. ಎದುರಿಗಿರುವವರಿಗೆ ಕನ್ನಡ ಬರುತ್ತದೆಯೇ ಎಂಬುದನ್ನು ಅವರ ಮೊದಲ ಮಾತುಗಳಿಂದ ಗಮನಿಸಿಟ್ಟುಕೊಳ್ಳಬೇಕು. ಪದವೊಂದು ಸಿಗದೆ ವಾಕ್ಯದ ನಡುವೆ ಹೊರಳಿದರೆ ಸೋತಂತೆ ಕಾಣುತ್ತದೆ; ಆ ಪದವನ್ನು ಬಿಟ್ಟು ಸರಳವಾಗಿ ವಿವರಿಸುವುದೇ ಮೇಲು. ಆದರೆ ‘ಮೂರು ಕಂತು ಬಾಕಿ ಇರುವ ಮೆಕ್ಕೆಜೋಳದ ರೈತರೊಬ್ಬರು ಶಾಖೆಗೆ ಬಂದರೆ ಹೇಗೆ ಮಾತನಾಡುತ್ತೀರಿ?’ ಎಂಬ ಪ್ರಶ್ನೆ ಬಂತೆನ್ನಿ. ಈ ಕೆಲಸ ನಡೆಯುವುದೇ ಕನ್ನಡದಲ್ಲಿ. ‘ಮೇ ಐ ಆನ್ಸರ್ ದಿಸ್ ಇನ್ ಕನ್ನಡ, ಆ್ಯಸ್ ಐ ವುಡ್ ಸ್ಪೀಕ್ ಟು ದಿ ಕಸ್ಟಮರ್?’ ಎಂದು ಅನುಮತಿ ಕೇಳಿ, ‘ಕೂತ್ಕೊಳ್ಳಿ ಅಣ್ಣಾರೆ, ಈ ಸಲ ಮಾಲು ಮಾರಾಟ ಆಯ್ತಾ? ರೊಕ್ಕ ಯಾವಾಗ ಕೈಗೆ ಬರುತ್ತೆ ಹೇಳ್ರಿ, ಅದನ್ನ ನೋಡಿ ಮ್ಯಾನೇಜರ್ ಹತ್ರ ಮಾತಾಡೋಣ’ ಎಂದು ಆಡಿ ತೋರಿಸಬಹುದು. ಆ ಉತ್ತರವನ್ನು ಪೂರ್ತಿ ಕನ್ನಡದಲ್ಲಿಯೇ ಮುಗಿಸಿ, ಮಾರಾಟದ ವಿಚಾರವನ್ನು ಮೊದಲು ಕೇಳಿದ್ದೇಕೆ ಎಂಬುದನ್ನು ಒಂದೇ ಇಂಗ್ಲಿಷ್ ವಾಕ್ಯದಲ್ಲಿ ಹೇಳಿ ಹಿಂದಿರುಗಬೇಕು. ಅನುಮತಿ ಸಿಗದಿದ್ದರೆ ಅದೇ ಮಾತುಗಳನ್ನು ಇಂಗ್ಲಿಷಿನಲ್ಲಿ ಹೇಳಬೇಕಾಗುತ್ತದೆ, ಹಾಗಾಗಿ ಎರಡೂ ಭಾಷೆಗಳಲ್ಲಿ ಒಮ್ಮೆ ಆಡಿ ನೋಡಿಕೊಂಡೇ ಹೋಗಬೇಕು.