ಚೀನಾ ಫ್ಯಾಕ್ಟರಿಗೆ ಅಡ್ವಾನ್ಸ್ ಕಳಿಸುವ ಮುಂಚೆ

ಪೀಣ್ಯದ ಗೆಳೆಯರೊಬ್ಬರು ಪ್ಯಾಕಿಂಗ್ ಮೆಷಿನ್‌ಗೆ ಪೋರ್ಟಲ್‌ನಲ್ಲಿ ಒಬ್ಬ ಚೀನಾ ಸಪ್ಲೈಯರ್‌ನನ್ನು ಹುಡುಕಿದ್ದರು. ಪುಟದಲ್ಲಿ 'ತಯಾರಕರು' ಅಂತಲೇ ಇತ್ತು. ನಾವು ಮೊದಲು ಬಿಸಿನೆಸ್ ಲೈಸೆನ್ಸ್ ಪ್ರತಿ ಕೇಳಿದೆವು. ಅದರಲ್ಲಿ ಚೀನೀ ಹೆಸರು, 18 ಅಕ್ಷರ-ಅಂಕಿಗಳ ನೋಂದಣಿ ಕೋಡ್ ಇರುತ್ತವೆ. ಇಂಗ್ಲಿಷ್ ಹೆಸರು ನಂಬಬೇಡಿ, ಸರ್ಕಾರಿ ನೋಂದಣಿ ಇರುವುದು ಚೀನೀ ಹೆಸರಿನಲ್ಲಿ.

ಆ ಕೋಡನ್ನು gsxt.gov.cn ನಲ್ಲಿ ಹಾಕಿ. ಅಲ್ಲಿನ ಸರ್ಕಾರದ್ದೇ ಸೈಟ್, ಆದರೆ ನಮ್ಮ ಕಡೆಯಿಂದ ಕೆಲವೊಮ್ಮೆ ತೆರೆಯುವುದಿಲ್ಲ, ತಾಳ್ಮೆ ಬೇಕು. ಕಂಪನಿ ಶುರುವಾದ ದಿನಾಂಕ ನೋಡಿ. ಆಮೇಲೆ 经营范围 ಅಂದರೆ ವ್ಯವಹಾರದ ವ್ಯಾಪ್ತಿ ಓದಿ. 制造 ಅಥವಾ 生产 ಇದ್ದರೆ ತಯಾರಿಕೆಯೂ ಅವರ ವ್ಯಾಪ್ತಿಯಲ್ಲಿದೆ. ಇವರದ್ದರಲ್ಲಿ ಬರೀ 销售, ಅಂದರೆ ಮಾರಾಟ ಇತ್ತು.

ಮುಂದೆ ರಫ್ತು. ಅಮೆರಿಕಕ್ಕೆ ಹಡಗಿನಲ್ಲಿ ಹೋದ ಸರಕಿನ ದಾಖಲೆಗಳನ್ನು ImportYeti ಅನ್ನೋ ಸೈಟ್‌ನಲ್ಲಿ ಪುಕ್ಕಟೆ ಹುಡುಕಬಹುದು. ಇದೇ ಹೆಸರಿನಲ್ಲಿ ಚಪ್ಪಲಿ, ಕುರ್ಚಿ, ಬ್ಯಾಗು ಹೋಗಿದ್ದವು. ಮೆಷಿನ್ ಒಂದೂ ಇಲ್ಲ! ದಲ್ಲಾಳಿ ಅಂತ ಅಲ್ಲಿಗೇ ಗೊತ್ತಾಯ್ತು. ಹಾಗಂತ ದಾಖಲೆ ಸಿಗದಿದ್ದರೆ ಮೋಸ ಅಂತಲೂ ಅಲ್ಲ. ವಿಮಾನದಲ್ಲಿ, ಬೇರೆ ದೇಶಕ್ಕೆ ಅಥವಾ ಏಜೆಂಟ್ ಹೆಸರಿನಲ್ಲಿ ಕಳಿಸಿದ್ದು ಇದರಲ್ಲಿ ಕಾಣುವುದಿಲ್ಲ. ಆಗ ಹಳೆಯ ಬಿಲ್ ಆಫ್ ಲೇಡಿಂಗ್, ಅಂದರೆ ಸರಕು ಸಾಗಣೆಯ ರಸೀದಿ ಕೇಳಿ, ಗ್ರಾಹಕರ ಹೆಸರು ಮುಚ್ಚಿ ಕೊಟ್ಟರೂ ಸಾಕು.

ದುಡ್ಡು ಹಾಕುವ ಬ್ಯಾಂಕ್ ಖಾತೆಯ ಹೆಸರು ಲೈಸೆನ್ಸ್‌ನಲ್ಲಿರುವ ಕಂಪನಿಯದ್ದೇನಾ ಅಂತಲೂ ನೋಡಿ. ಯಾರದೋ ವೈಯಕ್ತಿಕ ಖಾತೆ ಕೊಟ್ಟರೆ ಕಳಿಸಲೇಬೇಡಿ.